ಈ ಸಲ ನಾಮ ನಮ್ದೇ

ಪ್ರೀತಿಯ ಮಕ್ಕಳೇ,

ಈ ಸಲದ ಪತ್ರ ಕ್ರಿಕೆಟ್ಟಿನ ಬಗ್ಗೆ. "ಆಂಟಿಗೇಕೆ ಕ್ರಿಕೆಟ್ಟು?" ಎಂದು ನಗಬೇಡಿ. ನಾನು ಬರೆಯಹೊರಟಿದ್ದು ಆಟದ ಬಗ್ಗೆ ಅಲ್ಲ, ಹೆಸರಿಡುವುದರ ಬಗ್ಗೆ. ಹೆಸರಿಡುವುದು ಮೊದಲಿನಿಂದಲೂ ನಮ್ಮಂಥ ಹೆಂಗಸರ ಇಲಾಖೆಯೇ ತಾನೆ!

ಚಾಂದ್‌ಖೇಡಾದ ನಮ್ಮ ಸೊಸೈಟಿಯಲ್ಲಿ ಒಟ್ಟಿಗೆ ಬೆಳೆದ ಎಂಟು ಮಕ್ಕಳಿದ್ದಾರೆ. ಅವರಲ್ಲಿ ನನ್ನ ಮಗಳೂ ಒಬ್ಬಳು. ಮೂವರು ಕನ್ನಡದವರು, ಮೂವರು ಗುಜರಾತಿಗಳು, ಒಬ್ಬ ತಮಿಳಿನವ, ಒಬ್ಬಳು ತೆಲುಗಿನವಳು. ಓಎನ್‌ಜಿಸಿಯ ಕೆಲಸಕ್ಕೆಂದು ದಕ್ಷಿಣದಿಂದ ಬಂದ ಮನೆಗಳು ನಮ್ಮ ಕಡೆ ಬಹಳವಾದ್ದರಿಂದ ಈ ಮಿಶ್ರಣ ನಿಮಗೆ ಹೊಸತಲ್ಲ. ಈಗ ಒಬ್ಬ ಸೂರತ್‌ನಲ್ಲಿದ್ದಾನೆ, ಇಬ್ಬರು ವಡೋದರಾದಲ್ಲಿದ್ದಾರೆ, ಒಬ್ಬಳು ಬೆಂಗಳೂರು ಸೇರಿದ್ದಾಳೆ. ಆದರೂ 2022ರಿಂದ ಐಪಿಎಲ್ ಬಂತೆಂದರೆ ಎಂಟು ಜನ ಸೇರಿ ಫೋನಿನಲ್ಲೇ ಒಂದು ಫ್ಯಾಂಟಸಿ ಲೀಗ್ ಮಾಡಿಕೊಳ್ಳುತ್ತಾರೆ. ನಿಜವಾದ ಆಟಗಾರರಲ್ಲಿ ಹನ್ನೊಂದು ಜನರನ್ನು ಆರಿಸುವುದು, ಅವರು ಮೈದಾನದಲ್ಲಿ ಹೊಡೆದ ರನ್ನಿಗೂ ಪಡೆದ ವಿಕೆಟ್ಟಿಗೂ ಅಂಕ, ತಾವು ಆರಿಸಿದ ನಾಯಕನಿಗೆ ದುಪ್ಪಟ್ಟು ಅಂಕ. ಇಷ್ಟೇ ಆಟ. ದುಡ್ಡಿನ ಪಂಥವಿಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನೇ ನಿಷೇಧಿಸಿತಲ್ಲ. ನಮ್ಮ ಮಕ್ಕಳದು ಮೊದಲಿನಿಂದಲೂ ಬರೀ ಮಾನದ ಪಂಥ: ಕೊನೆಗೆ ಬಂದವರು ಎಲ್ಲರಿಗೂ ದಾಲ್‌ವಡಾ ಕೊಡಿಸಬೇಕು.

ಆಟ ಶುರುವಾಗುವ ಮೊದಲು ಪ್ರತಿಯೊಂದು ತಂಡಕ್ಕೂ ಒಂದು ಹೆಸರು ಬೇಕು. ಅವರವರ ಹೆಸರನ್ನು ಅವರವರೇ ಇಟ್ಟುಕೊಳ್ಳುವಂತಿಲ್ಲ, ಉಳಿದವರು ಇಡಬೇಕು ಎಂಬುದು ಇವರು ಮಾಡಿಕೊಂಡ ನಿಯಮ. ಆ ಪಂಚಾಯಿತಿ ನಡೆಯುವುದು ನಮ್ಮ ಮನೆಯ ಊಟದ ಮೇಜಿನ ಸುತ್ತ. ಇಂಗ್ಲಿಷ್ ಬಿಎ ಮಾಡಿದವಳು, ಪದಗಳ ಚೇಷ್ಟೆ ಗೊತ್ತಿರುವವಳು ಎಂದು ನನ್ನನ್ನೂ ಕೂರಿಸಿಕೊಳ್ಳುತ್ತಾರೆ. ಆ ಹೆಮ್ಮೆಯಿಂದಲೇ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಒಳ್ಳೆಯ ಹೆಸರು ಹೇಗೆ ಹುಟ್ಟುತ್ತದೆ ನೋಡೋಣ.

ಕರ್ನಾಟಕದ ಮಹಾರಾಜ ಟ್ರೋಫಿಯಲ್ಲಿ ಆಡಿದ ತಂಡಗಳ ಹೆಸರು ಕೇಳಿದ್ದೀರಲ್ಲ? ಹುಬ್ಬಳ್ಳಿ ಟೈಗರ್ಸ್, ಮಂಗಳೂರು ಡ್ರ್ಯಾಗನ್ಸ್, ಮೈಸೂರು ವಾರಿಯರ್ಸ್. ಊರಿನ ಹೆಸರು, ಅದರ ಪಕ್ಕಕ್ಕೆ ಹುಲಿಯೋ ವೀರನೋ. ಅವು ಟಿಕೆಟ್ ಕೊಳ್ಳುವ ಅಪರಿಚಿತರಿಗಾಗಿ ಇಟ್ಟ ಹೆಸರುಗಳು. ಅದಕ್ಕೇ ಎಲ್ಲದರಲ್ಲೂ ಒಂದಿಷ್ಟು ಜಂಭ ಇರುತ್ತದೆ. ಎಂಟು ಜನ ಗೆಳೆಯರ ಲೀಗಿನಲ್ಲಿ "ಚಾಂದ್‌ಖೇಡಾ ಲಯನ್ಸ್" ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಜಂಭಕ್ಕೆ ಕಿಮ್ಮತ್ತಿಲ್ಲ. ಹೊರಗಿನವರಿಗೆ ಅರ್ಥವಾಗದ, ಒಳಗಿನ ಎಂಟೂ ಜನಕ್ಕೆ ಥಟ್ಟನೆ ಹೊಳೆಯುವ ಹೆಸರೇ ಇಲ್ಲಿ ಗೆಲ್ಲುವುದು.

ಇಂಥ ಹೆಸರುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದರ ಕತೆ ಕೇಳಿ. 2022ರ ಮೇ 27, ಶುಕ್ರವಾರ. ನಮ್ಮ ಮನೆಗೆ ಕೂಗಳತೆಯಲ್ಲಿರುವ ಮೊಟೇರಾ ಕ್ರೀಡಾಂಗಣದಲ್ಲಿ ಬೆಂಗಳೂರಿಗೂ ರಾಜಸ್ಥಾನಕ್ಕೂ ಪಂದ್ಯ, ಗೆದ್ದವರು ಫೈನಲ್ಲಿಗೆ. ಬೆಂಗಳೂರು ಸೋತಿತು. ಬಟ್ಲರ್ ಶತಕ ಹೊಡೆದ. ನನ್ನ ಮಗಳು ಕೆಂಪು ಅಂಗಿ ತೊಟ್ಟುಕೊಂಡೇ ಊಟ ಬಿಟ್ಟು ಮಲಗಿದಳು. ಎರಡೇ ದಿನ ಕಳೆದು ಭಾನುವಾರ ಅದೇ ಮೈದಾನದಲ್ಲಿ ಗುಜರಾತ್ ಟೈಟನ್ಸ್ ಮೊದಲ ವರ್ಷವೇ ಕಪ್ಪು ಗೆದ್ದಿತು! ಕೆಳಗಿನ ಮನೆಯ ಗುಜರಾತಿ ಹುಡುಗಿ, ನನ್ನ ಮಗಳ ಪ್ರಾಣದ ಗೆಳತಿ, ರಾತ್ರಿ ಹನ್ನೆರಡಕ್ಕೆ ಬಾಗಿಲು ಬಡಿದು ಎರಡೇ ಪದ ಹೇಳಿದಳು: "ಕಪ್ ಛೇ!" ಗುಜರಾತಿಯಲ್ಲಿ ಹಾಗೆಂದರೆ ಕಪ್ ಇದೆ ಎಂದರ್ಥ. ನಿಮ್ಮ ಹತ್ತಿರ ಇಲ್ಲ, ನಮ್ಮ ಹತ್ತಿರ ಇದೆ.

ಮರುವರ್ಷ ಅವಳ ತಂಡಕ್ಕೆ ಅದನ್ನೇ ಹೆಸರಾಗಿ ಇಟ್ಟರು. ನನ್ನ ಮಗಳೇ ಮುಂದೆ ನಿಂತು ಇಟ್ಟಳು. ಉಳಿದವರಿಗೆ ಆಶ್ಚರ್ಯ, ಎದುರಾಳಿಗೆ ಇಷ್ಟು ಒಳ್ಳೆಯ ಹೆಸರನ್ನು ಯಾಕೆ ಕೊಡುತ್ತಿದ್ದಾಳೆ ಎಂದು. ಅವಳ ಲೆಕ್ಕ ಬೇರೆಯೇ ಇತ್ತು. 2023ರ ಫೈನಲ್ಲೂ ಮೊಟೇರಾದಲ್ಲೇ. ಮಳೆಯಿಂದ ಒಂದು ದಿನ ಮುಂದಕ್ಕೆ ಹೋಗಿ, ಆಟ ಮುಗಿಯುವಾಗ ಮಧ್ಯರಾತ್ರಿ ದಾಟಿ ಮೇ 30 ಆಗಿತ್ತು. ಚೆನ್ನೈಗೆ ಕೊನೆಯ ಎರಡು ಎಸೆತದಲ್ಲಿ 10 ರನ್ ಬೇಕು. ಜಡೇಜಾ ಒಂದು ಸಿಕ್ಸರ್, ಒಂದು ಬೌಂಡರಿ ಹೊಡೆದು ಮುಗಿಸಿಬಿಟ್ಟ. ಗುಜರಾತನ್ನು ಗುಜರಾತಿನಲ್ಲೇ ಸೋಲಿಸಿದವನು ಜಾಮ್‌ನಗರದ ಹುಡುಗ! ಆಗ ನನ್ನ ಮಗಳು ಗೆಳತಿಗೆ ಒಂದು ಸಂದೇಶ ಕಳಿಸಿದಳು. ಹೆಸರಿನ ಒಂದಕ್ಷರವನ್ನೂ ಬದಲಿಸಿರಲಿಲ್ಲ. ನಡುವೆ ಮೂರು ಚುಕ್ಕಿ ಇಟ್ಟಿದ್ದಳು, ಅಷ್ಟೆ: "ಕಪ್... ಛೇ!"

ಈಗ ಕನ್ನಡದಲ್ಲಿ ಓದಿ ನೋಡಿ. ಗುಜರಾತಿಯ "ಛೇ" ಎಂದರೆ "ಇದೆ". ಕನ್ನಡದ "ಛೇ" ಎಂದರೆ "ಅಯ್ಯೋ, ಹೋಯಿತಲ್ಲ!" ಒಂದೇ ಹೆಸರಿನಲ್ಲಿ ಒಂದು ಭಾಷೆಯ ಜಂಭ, ಇನ್ನೊಂದು ಭಾಷೆಯ ಸಂಕಟ. ಆ ಹುಡುಗಿಗೆ ನಮ್ಮ ಮನೆಯ ಕನ್ನಡ ಅರ್ಧಂಬರ್ಧ ಬರುತ್ತದೆ. ಸಾರು ಚೆಲ್ಲಿದಾಗ, ಕರೆಂಟು ಹೋದಾಗ ನಾನು "ಛೇ" ಎನ್ನುವುದನ್ನು ಚಿಕ್ಕಂದಿನಿಂದ ಕೇಳಿದವಳು. ಓದಿದ ಕೂಡಲೇ ಅಳುವುದರ ನಡುವೆಯೇ ನಕ್ಕುಬಿಟ್ಟಳಂತೆ. ಮುಂದಿನ ವರ್ಷವೂ ಅದೇ ಹೆಸರು ಬೇಕೆಂದು ಹಟ ಹಿಡಿದಳು.

ಬೆಂಗಳೂರಿನಲ್ಲಿ ಬೆಳೆದ ನಿಮ್ಮ ಚಿಕ್ಕಪ್ಪನ ಮಕ್ಕಳಿಗೆ ಈ ಹೆಸರು ಹೊಳೆಯುತ್ತಿರಲಿಲ್ಲ. ಗುಜರಾತಿ ಮಾತ್ರ ಬಲ್ಲವರಿಗೂ ಹೊಳೆಯುತ್ತಿರಲಿಲ್ಲ. ಎರಡು ಭಾಷೆಯ ನಡುವಿನ ಹೊಸ್ತಿಲ ಮೇಲೆ ಕೂತವರಿಗೆ ಮಾತ್ರ ಸಿಗುವ ಹಣ್ಣು ಇದು. "ನಮಗೆ ಕನ್ನಡ ಸರಿಯಾಗಿ ಬರುವುದಿಲ್ಲ ಆಂಟಿ" ಎಂದು ಹೇಳುತ್ತೀರಲ್ಲ, ಈ ಕೆಲಸಕ್ಕೆ ನಿಮಗಿರುವಷ್ಟು ಕನ್ನಡ ಧಾರಾಳ ಸಾಕು.

ಸರಿ, ಇಂಥ ಹೆಸರು ಮಾಡುವುದು ಹೇಗೆ? ನಾವು ಮಾಡುವುದನ್ನು ಹೇಳುತ್ತೇನೆ. ಮೊದಲು ಪದಗಳನ್ನು ಹುಡುಕುವುದಿಲ್ಲ, ಘಟನೆಗಳನ್ನು ಹುಡುಕುತ್ತೇವೆ. ಒಂದು ಹಾಳೆಯ ಮೇಲೆ ಪ್ರತಿಯೊಬ್ಬರ ಮುಂದೆ ಕಳೆದ ವರ್ಷ ಅವರು ಮಾಡಿದ ಒಂದು ಎಡವಟ್ಟು ಬರೆಯುವುದು. ಎಂಟು ಜನರಲ್ಲಿ ಕನಿಷ್ಠ ಆರು ಜನರಾದರೂ ಅದನ್ನು ಕಂಡಿರಬೇಕು. ಉದಾಹರಣೆಗೆ, ನಮ್ಮ ತೆಲುಗು ಹುಡುಗಿ ರಾಮನವಮಿಯ ದಿನ ಅವಸರದಲ್ಲಿ ತಂಡ ಕಟ್ಟಿದಳು. ಅವಳು ನಾಯಕನನ್ನಾಗಿ ಮಾಡಿದ ಆಟಗಾರ ಅಂದು ಆಡುವ ಹನ್ನೊಂದರಲ್ಲೇ ಇರಲಿಲ್ಲ. ನಡುವೆ ನೀರಿನ ಬಾಟಲಿ ಹಿಡಿದು ಓಡಿ ಬಂದಾಗಲೇ ಟಿವಿಯಲ್ಲಿ ಅವನ ದರ್ಶನವಾದದ್ದು! ನಾವೆಲ್ಲ ಆಗ ಪಾನಕ, ಕೋಸಂಬರಿ ಹಿಡಿದು ಕೂತಿದ್ದೆವು. ಹೆಸರನ್ನು ಹುಡುಕುವ ಕಷ್ಟವೇ ಬರಲಿಲ್ಲ. ಆ ತಂಡ "ಪಾನಕ ಇಲೆವೆನ್" ಆಯಿತು.

ಘಟನೆ ಸಿಕ್ಕ ಮೇಲೆ ಎರಡನೆಯ ಕೆಲಸ, ಅದಕ್ಕೆ ಹೊಂದುವ ದನಿ ಹುಡುಕುವುದು. ಕ್ರಿಕೆಟ್ಟಿನ ಪದ, ಮನೆಯ ಪದ ಎರಡನ್ನೂ ಜೋರಾಗಿ ಹೇಳಿ ನೋಡಬೇಕು. ಬರೆದು ನೋಡಿದರೆ ಹೊಳೆಯುವುದಿಲ್ಲ. ಸೂರತ್‌ನ ಹುಡುಗ ಯಾವಾಗ ಫೋನು ಮಾಡಿದರೂ ಅವನ ತಾಯಿ ಮೊದಲು ಕೇಳುವುದು "ಊಟ ಆಯ್ತಾ?" ಎಂದು. ಅವನು ಆರಿಸಿದ ಬ್ಯಾಟುಗಾರರೋ ಬರುಬರುತ್ತಲೇ ಔಟಾಗುವವರು. ಹೀಗೆ ಹುಟ್ಟಿದ್ದು "ಔಟ್ ಆಯ್ತಾ". ಅಂದಿನಿಂದ ಅವನ ತಾಯಿ ಊಟದ ವಿಷಯ ಕೇಳಿದಾಗಲೆಲ್ಲ ಅವನು ಆಟಗಾರರ ವರದಿ ಒಪ್ಪಿಸುತ್ತಾನಂತೆ.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪು ಮಾಡುವ ನಿಮ್ಮ ಅಭ್ಯಾಸ ನನಗೆ ಅಷ್ಟು ಹಿಡಿಸುವುದಿಲ್ಲ, ಆದರೆ ಈ ಆಟದಲ್ಲಿ ಅದರಿಂದ ಒಂದು ಲಾಭವಿದೆ, ಒಪ್ಪಿಕೊಳ್ಳುತ್ತೇನೆ. `Bala` ಎಂದು ಬರೆಯಿರಿ. ಅದು "ಬಲ"ವೋ "ಬಾಲ"ವೋ? ಕನ್ನಡ ಲಿಪಿಯಲ್ಲಿ ಒಂದು ದೀರ್ಘ ಬಂದು ಗುಟ್ಟು ಬಯಲಾಗುತ್ತದೆ. ಇಂಗ್ಲಿಷಿನಲ್ಲಿ ಶಕ್ತಿಯೂ ಬಾಲವೂ ಒಂದೇ ಬಟ್ಟೆ ಹೊದ್ದು ಮಲಗುತ್ತವೆ. ಇಟ್ಟುಕೊಂಡವರು ಬಲ ಎಂದು ಓದಬಹುದು, ಇಟ್ಟವರು ಬಾಲ ಎಂದು ಓದಬಹುದು.

ಅಳತೆಯ ಬಗ್ಗೆ ಒಂದು ಮಾತು. ಇಂಥ ಆಟಗಳಲ್ಲಿ ಹೆಸರಿನ ಉದ್ದಕ್ಕೆ ಮಿತಿ ಇರುತ್ತದೆ. ಇಂಗ್ಲೆಂಡಿನ ಫುಟ್‌ಬಾಲ್ ಪ್ರೀಮಿಯರ್ ಲೀಗಿನ ಫ್ಯಾಂಟಸಿಯಲ್ಲಿ 20 ಅಕ್ಷರ. ಕನ್ನಡದಲ್ಲಿ ಬರೆದರೆ ಯಂತ್ರ ಗುಣಿತದ ಗುರುತನ್ನೂ ಒತ್ತಿನ ಗುರುತನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. "ಬಾಲಂಗೋಚಿ" ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ, ಯಂತ್ರಕ್ಕೆ ಎಂಟು. ಆದ್ದರಿಂದ ಕನ್ನಡ ಹೆಸರು ಎರಡು ಪದಕ್ಕಿಂತ ಉದ್ದವಾಗದಿದ್ದರೆ ಒಳ್ಳೆಯದು. ಓದಲೂ ಹಗುರ. ಬಾಲಂಗೋಚಿಯ ಮಾತು ಈಗ ಯಾಕೆ ಬಂತು ಎಂದಿರಾ? ಅದಕ್ಕೂ ಒಂದು ಕತೆ ಇದೆ. ಅದರ ಮೊದಲು ನನ್ನ ತಪ್ಪಿನ ಕತೆ.

2023ರ ಮಾರ್ಚ್ ಕೊನೆ. ಮೇಜಿನ ಸುತ್ತ ಎಂಟೂ ಜನ ಕೂತಿದ್ದರು. ನಾನು ಗಿರ್ಮಿಟ್ ಕಲಸಿ ತಟ್ಟೆಗೆ ಹಾಕುತ್ತಿದ್ದೆ. ವಡೋದರಾದ ಕನ್ನಡ ಹುಡುಗನ ತಂಡಕ್ಕೆ ಏನೂ ಹೊಳೆಯುತ್ತಿರಲಿಲ್ಲ. ಅವನು ಸಿಎ ಫೈನಲ್ ಪರೀಕ್ಷೆಗೆ ಕೂತಿದ್ದವ. ಆ ಜನವರಿಯಲ್ಲಿ ಬಂದ ಫಲಿತಾಂಶದಲ್ಲಿ ಮೂರನೆಯ ಸಲವೂ ಆಗಿರಲಿಲ್ಲ. ಅದು ಎಲ್ಲರಿಗೂ ಗೊತ್ತಿದ್ದದ್ದೇ, ಅವನೇ ನಗುನಗುತ್ತ ಹೇಳಿಕೊಂಡಿದ್ದ. ನನ್ನ ಬಾಯಿಂದ ಬಂತು: "ಮೂರಕ್ಕೆ ಮೂರು. ಹ್ಯಾಟ್ರಿಕ್ ಅಂತ ಇಡ್ರಿ!"

ಎಲ್ಲರೂ ಹೋ ಎಂದು ನಕ್ಕರು. ಅವನೂ ನಕ್ಕ. "ಆಂಟಿ ಸಿಕ್ಸರ್ ಹೊಡೆದರು" ಎಂದ. ಹೆಸರು ಖಾಯಂ ಆಯಿತು. ಮಾರ್ಚ್ 31ಕ್ಕೆ ಮೊಟೇರಾದಲ್ಲೇ ಆ ವರ್ಷದ ಮೊದಲ ಪಂದ್ಯ. ಎರಡು ವಾರ ಅವನು ಆಡಿದ. ಆಮೇಲೆ ತಂಡ ಬದಲಿಸುವುದನ್ನು ಬಿಟ್ಟ. ಫೋನಿಗೂ ಸಿಗುತ್ತಿರಲಿಲ್ಲ. ಕೆಲಸ ಜಾಸ್ತಿಯಂತೆ ಎಂದು ಮಗಳು ಹೇಳಿದಳು. ಯುಗಾದಿಗೆ ತಪ್ಪದೆ ನಮ್ಮ ಮನೆಗೆ ಹೋಳಿಗೆ ತಿನ್ನಲು ಬರುತ್ತಿದ್ದವನು ಮರುವರ್ಷ ಬರಲಿಲ್ಲ. 2024ರ ಲೀಗಿಗೂ ಸೇರಲಿಲ್ಲ. ಏಳೇ ಜನ ಆಡಿದರು.

ಕಾರಣ ನಾನೇ ಎಂದು ನನಗೆ ಹೊಳೆಯಲಿಲ್ಲ, ನೋಡಿ. ಒಂದು ದಿನ ಅವನ ತಾಯಿ ದೇವಸ್ಥಾನದಲ್ಲಿ ಸಿಕ್ಕಾಗ ಕೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಅವನಿಗೆ ಆ ಹೆಸರು ಬ್ಯಾಡಾಗಿತ್ರಿ" ಎಂದರು. ನಾನು ಹೂವಿನ ಪೊಟ್ಟಣ ಹಿಡಿದು ಅಲ್ಲೇ ಕಲ್ಲಿನಂತೆ ನಿಂತೆ.

ಮುಂದಿನ ಭಾನುವಾರವೇ ಬಸ್ಸು ಹಿಡಿದು ವಡೋದರಾಕ್ಕೆ ಹೋದೆ. ಡಬ್ಬಿಯಲ್ಲಿ ಒಂದಿಷ್ಟು ಕರದಂಟು ಇತ್ತು. ಕ್ಷಮೆ ಕೇಳುವ ಮಾತನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದೆ, ಅಲ್ಲಿ ಒಂದೂ ನೆನಪಾಗಲಿಲ್ಲ. "ತಪ್ಪಾತಪ್ಪಾ" ಎಂದಷ್ಟೇ ಅಂದೆ. ಅವನು ಚಹಾ ಮಾಡಿ ಕೊಟ್ಟು ಹೇಳಿದ ಮಾತು ಇದು: "ಆಂಟಿ, ಅವತ್ತು ನಾನು ನಕ್ಕಿದ್ದು ಸುಳ್ಳಲ್ಲ. ಅವತ್ತಿಗೆ ಅದು ಜೋಕೇ ಆಗಿತ್ತು. ಆದರೆ ಮರುದಿನ ಫೋನು ತೆಗೆದರೆ ಅದು ಅಲ್ಲೇ ಇತ್ತು. ಅದರ ಮರುದಿನವೂ ಇತ್ತು. ಪಂದ್ಯ ಮುಗಿದ ಮೇಲೆ ಪ್ರತಿ ರಾತ್ರಿ ಎಂಟು ಹೆಸರಿನ ಪಟ್ಟಿ ಬರುತ್ತದೆ. ಪ್ರತಿ ರಾತ್ರಿ ನಾನು ಮತ್ತೊಮ್ಮೆ ಫೇಲಾಗುತ್ತಿದ್ದೆ."

ಮಕ್ಕಳೇ, ತಂಡದ ಹೆಸರಿಗೂ ಬಾಯಿಮಾತಿನ ಜೋಕಿಗೂ ಇರುವ ವ್ಯತ್ಯಾಸ ನನಗೆ ಗೊತ್ತಾದದ್ದು ಆಗ. ಚಹಾ ಕುಡಿಯುವಾಗ ಆಡಿದ ಚೇಷ್ಟೆ ಚಹಾದ ಜೊತೆಗೆ ಮುಗಿಯುತ್ತದೆ. ಹೆಸರು ಮುಗಿಯುವುದಿಲ್ಲ. 2023ರ ಐಪಿಎಲ್‌ನಲ್ಲಿ 74 ಪಂದ್ಯಗಳಿದ್ದವು. ಎಂದರೆ ಆ ಚೇಷ್ಟೆಯನ್ನು ಅವನ ಮುಖದ ಮುಂದೆ ಎರಡು ತಿಂಗಳಲ್ಲಿ 74 ಸಲ ಹೇಳಿದ ಹಾಗಾಯಿತು. ನಮ್ಮ ಧಾರವಾಡ, ಗದಗದ ಕಡೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಅಕ್ಕಿ, ಎಣ್ಣಿ ಎಂಬ ಮನೆತನದ ಹೆಸರುಗಳಿವೆ. ಇಟ್ಟವರು ಯಾರೋ, ಯಾವ ಕಾಲದಲ್ಲೋ, ಇಂದಿಗೂ ಮೊಮ್ಮಕ್ಕಳ ಪಾಸ್‌ಪೋರ್ಟಿನಲ್ಲಿ ಇವೆ. ಹೆಸರು ಅಂಟಿದರೆ ಹಾಗೆ ಅಂಟುತ್ತದೆ. ಆ ಊರಿನಿಂದ ಬಂದ ನನಗೇ ಅದು ಮರೆತು ಹೋಗಿತ್ತು.

ಇನ್ನೊಂದು ಮಾತನ್ನೂ ಆ ಹುಡುಗನೇ ಕಲಿಸಿದ. "ಹ್ಯಾಟ್ರಿಕ್ ಅನ್ನೋ ಪದದಲ್ಲಿ ತಪ್ಪಿಲ್ಲ ಆಂಟಿ. ನೀವು ಅದನ್ನು ತಪ್ಪು ಮನೆಗೆ ಕೊಟ್ಟಿರಿ. ನಿಮ್ಮ ಮಗಳಿಗೆ ಇಡಬೇಕಿತ್ತು" ಎಂದ. ನಾನು ಯಾಕೆ ಎಂದೆ. "ಆರ್‌ಸಿಬಿ 2009, 2011, 2016ರಲ್ಲಿ ಫೈನಲ್ಲಿಗೆ ಹೋಗಿ ಮೂರಕ್ಕೆ ಮೂರೂ ಸೋತಿದೆಯಲ್ಲ!"

ಯೋಚಿಸಿ ನೋಡಿ, ಎಷ್ಟು ಸರಿಯಾದ ಮಾತು. ಪದ ಅದೇ, ಮೂರು ಸೋಲೂ ಅದೇ. ನನ್ನ ಮಗಳು ಆರ್‌ಸಿಬಿಯನ್ನು ತಾನೇ ಆರಿಸಿಕೊಂಡವಳು. ಬೇಡವೆಂದರೆ ನಾಳೆ ಬಿಡಬಹುದು. ಅಷ್ಟೇ ಅಲ್ಲ, ಆ ಸೋಲನ್ನು ಅವಳ ಜೊತೆ ಲಕ್ಷಾಂತರ ಜನ ಹಂಚಿಕೊಂಡಿದ್ದಾರೆ. ಪರೀಕ್ಷೆಯ ಸೋಲು ಹಾಗಲ್ಲ. ಅದನ್ನು ಅವನು ಆರಿಸಿಕೊಂಡಿಲ್ಲ, ಹಂಚಿಕೊಳ್ಳಲು ಯಾರೂ ಇಲ್ಲ, ಮತ್ತು ಅದು ಇನ್ನೂ ಮುಗಿದಿಲ್ಲ. ನಾಯಕನ ಆಯ್ಕೆ, ನೆಚ್ಚಿನ ತಂಡ, ಊಟದ ಚಪಲ, ಇವೆಲ್ಲ ಹೆಸರಿಗೆ ಸಿಗುವ ಸಾಮಗ್ರಿ. ಪರೀಕ್ಷೆ, ನೌಕರಿ, ಮದುವೆ, ಮೈಬಣ್ಣ, ತೂಕ, ತೊದಲು, ಮನೆಯ ಕಷ್ಟ, ಇವು ಅಲ್ಲ. ಅವರು ತಾವೇ ನಕ್ಕು ಹೇಳಿಕೊಂಡರೂ ಅಲ್ಲ. ನಕ್ಕರಲ್ಲ ಎಂಬ ಧೈರ್ಯದ ಮೇಲೇ ಅಲ್ಲವೇ ನಾನು ಕೆಟ್ಟದ್ದು?

ಈ ಫ್ಯಾಂಟಸಿ ಆಟದ ಮೂಲಕ್ಕೆ ಹೋದರೂ ಇದೇ ಬುದ್ಧಿ ಕಾಣುತ್ತದೆ. 1980ರಲ್ಲಿ ನ್ಯೂಯಾರ್ಕಿನಲ್ಲಿ ಡೇನಿಯಲ್ ಓಕ್ರೆಂಟ್ ಎಂಬ ಸಂಪಾದಕ ಮತ್ತು ಅವನ ಗೆಳೆಯರು ಬೇಸ್‌ಬಾಲ್ ಆಟಗಾರರನ್ನು ಕಾಗದದ ಮೇಲೆ ಹಂಚಿಕೊಂಡು ಇಂಥ ಲೀಗ್ ಶುರು ಮಾಡಿದರು. ಅವರು ಕಲೆತು ಊಟ ಮಾಡುತ್ತಿದ್ದ ಹೋಟೆಲಿನ ಹೆಸರಿನಿಂದ ಅದಕ್ಕೆ ರೋಟಿಸರಿ ಲೀಗ್ ಎಂದಾಯಿತು. ಓಕ್ರೆಂಟ್ ತನ್ನ ತಂಡಕ್ಕೆ ಇಟ್ಟ ಹೆಸರು "ಓಕ್ರೆಂಟ್ ಫೆನೋಕೀಸ್". ಅಮೆರಿಕದಲ್ಲಿ ಓಕೆಫೆನೋಕಿ ಎಂಬ ದೊಡ್ಡ ಜೌಗು ಪ್ರದೇಶವಿದೆ, ಮೊಸಳೆಗಳಿರುವ ಜಾಗ. ತನ್ನ ಮನೆತನದ ಹೆಸರನ್ನು ಅದರಲ್ಲಿ ಮುಳುಗಿಸಿಬಿಟ್ಟ! ಫ್ಲೆಡರ್ ಎಂಬ ಗೆಳೆಯ "ಡೀ ಫ್ಲೆಡರ್‌ಮೌಸ್" ಎಂಬ ಪ್ರಸಿದ್ಧ ಸಂಗೀತ ನಾಟಕದ ಹೆಸರನ್ನು ತಿರುಚಿ "ಫ್ಲೆಡರ್ ಮೈಸ್" ಎಂದಿಟ್ಟ, ಫ್ಲೆಡರನ ಇಲಿಗಳು ಎಂದು. ಇವೆಲ್ಲ ಅವರವರ ಹೆಸರಿನ ಮೇಲೆಯೇ ಮಾಡಿಕೊಂಡ ಚೇಷ್ಟೆಗಳು. ನಮ್ಮ ಮಕ್ಕಳ ನಿಯಮದಲ್ಲಿ ಹೆಸರನ್ನು ಬೇರೆಯವರು ಇಡುತ್ತಾರೆ. ಅದರಲ್ಲಿ ಸ್ವಾರಸ್ಯ ಹೆಚ್ಚು, ಅಪಾಯವೂ ಹೆಚ್ಚು.

ವಡೋದರಾದಿಂದ ಬಂದು ಮಕ್ಕಳಿಗೆ ಎಲ್ಲ ಹೇಳಿದೆ. ಅವರು ನಿಯಮವನ್ನು ತೆಗೆಯಲಿಲ್ಲ, ಅದಕ್ಕೆ ಒಂದು ಬಾಲ ಸೇರಿಸಿದರು. ಹೆಸರು ಇಟ್ಟ ದಿನ ಅದು ಪಕ್ಕಾ ಅಲ್ಲ. ಮೂರು ದಿನ ಬಿಟ್ಟು ಹೆಸರು ಹೊತ್ತವರು ಒಬ್ಬರಿಗೆ ಮಾತ್ರ ಗುಟ್ಟಾಗಿ "ಬೇಡ" ಎನ್ನಬಹುದು. ಆ ಒಬ್ಬರು ಕಾರಣ ಕೇಳುವಂತಿಲ್ಲ, ಯಾರು ಬೇಡವೆಂದರು ಎಂದು ಹೇಳುವಂತಿಲ್ಲ. "ಈ ಹೆಸರು ಉದ್ದವಾಯಿತು, ಬೇರೆ ಹುಡುಕೋಣ" ಎಂದರೆ ಮುಗಿಯಿತು. ಎಲ್ಲರೆದುರು ಬೇಡ ಎನ್ನುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತು. "ಜೋಕ್ ಅರ್ಥವಾಗುವುದಿಲ್ಲವಾ?" ಎಂಬ ಇನ್ನೊಂದು ಏಟು ಬೀಳುತ್ತದೆ. ಆ ಗುಟ್ಟಿನ ಬಾಗಿಲು ಇರಲೇಬೇಕು. ಆ ಒಬ್ಬರು ಈಗ ನಾನೇ. ತಪ್ಪು ಮಾಡಿದವಳಿಗೆ ಶಿಕ್ಷೆ!

2025ರ ಮಾರ್ಚಿನಲ್ಲಿ ಹುಡುಗ ಮರಳಿ ಬಂದ. ಸಿಎ ಬಿಟ್ಟಿದ್ದ. ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿದ್ದ. ಈ ಸಲ ಅವನಿಗೆ ಏನು ಇಡುವುದೆಂದು ಎಲ್ಲರಿಗೂ ಹೆದರಿಕೆ. ಅತಿ ಜಾಗ್ರತೆಯಿಂದ "ಸೂಪರ್ ಸ್ಟಾರ್", "ಕಿಂಗ್" ಎಂದೆಲ್ಲ ಹೇಳಿದರು. ಅವನಿಗೆ ಸಿಟ್ಟೇ ಬಂತು. "ನನ್ನನ್ನು ನೆಂಟರ ಹಾಗೆ ನೋಡಬೇಡಿ" ಎಂದ. ಇದನ್ನೂ ನೆನಪಿಡಿ. ಚೇಷ್ಟೆ ಮಾಡದೇ ಬಿಡುವುದೂ ಒಂದು ರೀತಿ ಹೊರಗಿಡುವುದೇ. ಕೊನೆಗೆ ಸೂರತ್‌ನವನು ಮೆಲ್ಲಗೆ ಅಂದ: "2022ರಲ್ಲಿ ಕೊನೆಗೆ ಬಂದವನು ನೀನೇ ಅಲ್ಲವಾ? ಬಾಲಂಗೋಚಿ?"

ಬಾಲಂಗೋಚಿ ಎಂದರೆ ಗಾಳಿಪಟದ ಬಾಲ. ಕೊನೆಯಲ್ಲಿ ಬರುವ ದುರ್ಬಲ ಬ್ಯಾಟುಗಾರರಿಗೂ ಕನ್ನಡ ಪತ್ರಿಕೆಗಳು ಬಾಲಂಗೋಚಿಗಳು ಎನ್ನುತ್ತವೆ. ಉತ್ತರಾಯಣದಲ್ಲಿ ನೀವು ಹಾರಿಸುವ ಇಲ್ಲಿಯ ಪತಂಗಕ್ಕೆ ಉದ್ದ ಬಾಲ ಇರುವುದಿಲ್ಲ. ಸರ್ರನೆ ತಿರುಗಿ ಎದುರಿನವರ ದಾರ ಕತ್ತರಿಸಬೇಕಲ್ಲ, ಬಾಲವಿದ್ದರೆ ತಿರುಗಲಾರದು. ನಮ್ಮೂರಿನಲ್ಲಿ ನಾವು ಹುಡುಗಿಯರು ಹಾರಿಸುತ್ತಿದ್ದ ಪಟಕ್ಕೆ ಹಳೇ ಸೀರೆಯ ಅಂಚು ಹರಿದು ಬಾಲಂಗೋಚಿ ಕಟ್ಟುತ್ತಿದ್ದೆವು. ಅದಿಲ್ಲದಿದ್ದರೆ ಪಟ ಲಾಗ ಹಾಕಿ ನೆಲಕ್ಕೆ ಬೀಳುತ್ತಿತ್ತು. ಇದನ್ನು ಹೇಳಿದಾಗ ಹುಡುಗ ನಕ್ಕ. "ಹಾಗಾದರೆ ನಿಮ್ಮ ಪಟ ನೆಟ್ಟಗೆ ಹಾರುವುದು ನನ್ನಿಂದಲೇ" ಎಂದ. ಹೆಸರಿಗೆ ಒಂದು ಮರುಮಾತು ಸಿಕ್ಕಿತು. ಮೂರು ದಿನ ನಾನು ಫೋನಿನ ಪಕ್ಕದಲ್ಲೇ ಕಾದೆ. "ಬೇಡ" ಎಂಬ ಕರೆ ಬರಲಿಲ್ಲ. ಆ ವರ್ಷ ಬಾಲಂಗೋಚಿ ಆರನೆಯ ಸ್ಥಾನಕ್ಕೆ ಬಂತು. ದಾಲ್‌ವಡಾ ಕೊಡಿಸಿದ್ದು ನನ್ನ ಮಗಳ "ಹ್ಯಾಟ್ರಿಕ್"!

ಅದೇ ವರ್ಷ ಜೂನ್ 3ರ ರಾತ್ರಿ ನಿಮಗೆಲ್ಲ ನೆನಪಿರಬಹುದು. ಅದೇ ಮೊಟೇರಾ. 2022ರಲ್ಲಿ, 2024ರಲ್ಲಿ ನಮ್ಮ ತಂಡ ಸೋತು ಹೊರಬಿದ್ದ ಅದೇ ಮೈದಾನದಲ್ಲಿ ಬೆಂಗಳೂರು ಪಂಜಾಬನ್ನು 6 ರನ್ನಿನಿಂದ ಸೋಲಿಸಿ, ಹದಿನೆಂಟನೆಯ ಐಪಿಎಲ್‌ನಲ್ಲಿ ಮೊದಲ ಸಲ ಕಪ್ಪೆತ್ತಿತು. ನನ್ನ ಮಗಳು ಅತ್ತಳು, ನಾನೂ ಅತ್ತೆ. ಆಗ ಕೆಳಗಿನ ಮನೆಯ ಹುಡುಗಿಯ ಸಂದೇಶ ಬಂತು. ಮೂರು ಚುಕ್ಕಿಗಳನ್ನು ತೆಗೆದು ಎರಡೇ ಪದ: "ಕಪ್ ಛೇ. ಈಗ ಗುಜರಾತಿಯಲ್ಲಿ ಓದು." ಮೂರು ವರ್ಷ ಜೋಪಾನ ಮಾಡಿದ ತನ್ನ ಹೆಸರನ್ನು ಬಿಚ್ಚಿ ಎದುರಾಳಿಗೆ ಉಡಿ ತುಂಬಿದ ಹಾಗೆ ಕೊಟ್ಟುಬಿಟ್ಟಳು. ನಾನು ಬಿಎದಲ್ಲಿ ಓದಿದ ಯಾವ ಪದ್ಯವೂ ನನಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ.

ಮಕ್ಕಳು ಆ ರಾತ್ರಿಯೇ ತಮ್ಮ ಗುಂಪಿಗೆ ಕಪ್ಪಿನ ಹೆಸರಿಟ್ಟು ಪಟಾಕಿಯ ಚಿತ್ರ ಹಾಕಿದರು. ಮರುದಿನ ಸಂಜೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತವಾಗಿ 11 ಜನ ತೀರಿಕೊಂಡರು. ಹೆಚ್ಚಿನವರು ನಿಮ್ಮದೇ ವಯಸ್ಸಿನವರು. ಬೆಂಗಳೂರಿನಲ್ಲಿದ್ದ ನಮ್ಮ ಹುಡುಗಿ ಕ್ಷೇಮವಾಗಿದ್ದಾಳೆ ಎಂದು ತಿಳಿಯುವವರೆಗೆ ಮನೆಯಲ್ಲಿ ಯಾರೂ ಕೂರಲಿಲ್ಲ. ಗುಂಪಿನ ಹೆಸರನ್ನು ಅಳಿಸಿದ್ದು ಬಾಲಂಗೋಚಿ. ಬದಲಿಗೆ ಏನೂ ಇಡಲಿಲ್ಲ, ಖಾಲಿ ಬಿಟ್ಟ. ಯಾರೂ ಹೇಳಿಕೊಟ್ಟಿರಲಿಲ್ಲ. ಹೆಸರು ಇಡುವುದನ್ನು ಕಲಿತವರಿಗೆ ಯಾವಾಗ ಇಡಬಾರದು ಎಂಬುದೂ ತಿಳಿದಿರಬೇಕು. ಅವನಿಗೆ ತಿಳಿದಿತ್ತು.

ಈ ಪತ್ರದ ತಲೆಬರಹ ನೋಡಿ ಮುದ್ರಣದೋಷ ಎಂದುಕೊಂಡವರಿಗೆ ಒಂದು ಮಾತು. ಬೆಂಗಳೂರು ತಂಡದ ಘೋಷಣೆಯಲ್ಲಿ ಇರುವುದು ಕಪ್ಪು. ನಾನು ಬರೆದದ್ದು ನಾಮ. ಕನ್ನಡದಲ್ಲಿ ನಾಮ ಎಂದರೆ ಹೆಸರೂ ಹೌದು, ನಂಬಿದವರಿಂದ ಹಾಕಿಸಿಕೊಳ್ಳುವ ಟೋಪಿಯೂ ಹೌದು. ನನ್ನ ತಂಡಕ್ಕೆ ಈ ಹೆಸರನ್ನು ಇಟ್ಟವನು ಬಾಲಂಗೋಚಿ. ಹೌದು, ಲೀಗಿನಲ್ಲಿ ನಾನೂ ಸೇರಿದ್ದೇನೆ, ಒಂಬತ್ತನೆಯವಳಾಗಿ. ಮೂರು ದಿನ ಯೋಚಿಸಿದೆ. ಬೇಡ ಎನ್ನಲು ಮನಸ್ಸಾಗಲಿಲ್ಲ.

ನಿಮ್ಮ ಗುಂಪಿನ ಹೆಸರುಗಳನ್ನು, ಅವುಗಳ ಹಿಂದಿನ ಕತೆಯೊಂದಿಗೆ, ಸಂಪಾದಕರ ವಿಳಾಸಕ್ಕೆ ಬರೆದು ಕಳಿಸಿ. ಆದರೆ ಆ ಹೆಸರು ಹೊತ್ತವರನ್ನು ಕೇಳಿಯೇ ಕಳಿಸಬೇಕು. ಕೇಳುವುದೂ ನಾಲ್ಕು ಜನರೆದುರಿಗೆ ಬೇಡ, ಒಬ್ಬರೇ ಇದ್ದಾಗ ಕೇಳಿ.

ಇಂತಿ ನಿಮ್ಮ,
ಚಾಂದ್‌ಖೇಡಾದ ಆಂಟಿ